‘ತೀರ್ಮಾನಿಸಲಾಗಿದೆ’ ಅಂದರೆ ಯಾರು ತೀರ್ಮಾನಿಸಿದ್ದು?

ಬಳಗದ ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನಲ್ಲಿ ವೆಬ್‌ಸೈಟ್ ಮಾಡಿಕೊಡುವ ಕೆಲಸ ನನ್ನದು. ಮೂಡಿಗೆರೆ ಕಡೆಯ ಒಂದು ಹೋಂಸ್ಟೇಗೆ ಹೋಗಿ 12 ಸ್ಲೈಡಿನ ಪ್ರಪೋಸಲ್ ತೋರಿಸಿ ಬಂದೆ. ಹೋಂಸ್ಟೇ ನಡೆಸುವವರು ಅಣ್ಣ ತಮ್ಮ. ಮಾತಾಡಿದ್ದನ್ನೆಲ್ಲ ಮಾರನೇ ದಿನ ಬರೆದು ಮೇಲ್ ಕಳಿಸಿದೆ. ಅದರಲ್ಲಿ ಈ ಸಾಲಿತ್ತು: “ಒಟ್ಟು ವೆಚ್ಚ 1,80,000 ರೂಪಾಯಿ ಎಂದು ತೀರ್ಮಾನಿಸಲಾಗಿದೆ.”

ಸಂಜೆಯೇ ಅಣ್ಣನ ಫೋನ್ ಬಂತು. “ಯಾರು ತೀರ್ಮಾನ ಮಾಡಿದ್ದು? ಆಯ್ತು, ನೋಡೋಣ ಅಂದಿದ್ದೆ ಅಷ್ಟೇ ಅಲ್ವಾ?” ಅವರಿಗೆ ಬೇಸರವಾಗಿತ್ತು. ನನಗೂ ತುಂಬಾ ಬೇಸರವಾಯಿತು.

ಇಂಥ ಮೇಲ್‌ಗೆ ಯಾವ ಪದ ಸರಿ? ತೀರ್ಮಾನವೋ, ನಿರ್ಧಾರವೋ, ನಿರ್ಣಯವೋ?

ಹಾಸನದಿಂದ, ಸಹಕಾರ ಸಂಘದ ಕಾರ್ಯದರ್ಶಿ:
ಹೀಗೆ ಮಾತಾಡಿದ್ದನ್ನು ಬರೆದಿಡುವುದಕ್ಕೆ ನಡವಳಿ ಅಂತಾರೆ. ನಾನು ವರ್ಷಗಟ್ಟಲೆ “ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು” ಎಂದೇ ಬರೆದಿದ್ದೇನೆ. ಯಾರೂ ತಕರಾರು ಮಾಡಿಲ್ಲ. ನಿಮ್ಮ ಸಾಲಿನಲ್ಲಿ ತಪ್ಪೇನೂ ಕಾಣುತ್ತಿಲ್ಲ.

ಚಿಕ್ಕಮಗಳೂರಿನಿಂದ, ನಿವೃತ್ತ ಕನ್ನಡ ಮೇಷ್ಟ್ರು:
ಕಾರ್ಯದರ್ಶಿಗಳೇ, ನಿಮ್ಮ ನಡವಳಿ ಪುಸ್ತಕದಲ್ಲಿ ಬಂದವರ ಹೆಸರು, ಸಹಿ ಇರುತ್ತದೆ. ಅದಕ್ಕೇ ‘ಲಾಯಿತು’ ಅಂದರೂ ಯಾರು ಅನ್ನೋದು ಗೊತ್ತಾಗುತ್ತದೆ. ಇವರ ಮೇಲ್‌ನಲ್ಲಿ ಆ ಆಧಾರ ಇಲ್ಲ. ಒಪ್ಪದೇ ಇದ್ದವರನ್ನೂ ‘ಲಾಗಿದೆ’ ಒಳಗೆ ಸೇರಿಸಿಕೊಂಡುಬಿಡುತ್ತದೆ. ತೊಂದರೆ ಕ್ರಿಯಾಪದದ ಬಾಲದ್ದು.

ಪದಗಳಲ್ಲೂ ವ್ಯತ್ಯಾಸ ಇದೆ. ನಿರ್ಧಾರವನ್ನು ಒಬ್ಬರೇ ಮಾಡಬಹುದು. ತೀರ್ಮಾನದಲ್ಲಿ ‘ತೀರು’ ಕೇಳಿಸುತ್ತದೆ, ಅಂದರೆ ಮಾತು ಮುಗಿಯಿತು ಅಂತ. ನಿರ್ಣಯ ಸಭೆಗೆ, ಪಂಚಾಯ್ತಿಗೆ ಸೇರಿದ್ದು. ಮನೆಗಳಲ್ಲಿ ‘ಗೊತ್ತು ಮಾಡು’ ಅಂತೇವೆ. ಮದುವೆ ದಿನ ಗೊತ್ತು ಮಾಡಿದರು, ಕೂಲಿ ಗೊತ್ತು ಮಾಡಿದರು. ಒಳ್ಳೆಯ ಮಾತು. ಆದರೆ “ವೆಚ್ಚ ಗೊತ್ತಾಗಿದೆ” ಎಂದು ಬರೆದರೆ ‘ತಿಳಿದಿದೆ’ ಎಂದು ಓದಿಕೊಳ್ಳುತ್ತಾರೆ.

ಇನ್ನು ‘ಆಯ್ತು’. ಅದು ಬಹಳ ಸಲ ‘ಕೇಳಿಸಿಕೊಂಡೆ’ ಅಷ್ಟೇ. ಹಿಂದೆಯೇ ‘ನೋಡೋಣ’ ಬಂದರೆ ಒಪ್ಪಿಗೆ ಇನ್ನೂ ಸಿಕ್ಕಿಲ್ಲ ಅಂತಲೇ ಲೆಕ್ಕ.

ಸಕಲೇಶಪುರದಿಂದ:
ಸ್ಲೈಡುಗಳ ಡೆಕ್‌ಗೆ ಕನ್ನಡ ಪದ ಹುಡುಕುತ್ತಿದ್ದೀರಾ? ‘ಚಿತ್ರಮಾಲೆ’ ಆಗಬಹುದು.

ಬೇಲೂರಿನಿಂದ:
ಮೌನಂ ಸಮ್ಮತಿ ಲಕ್ಷಣಂ. “ಮೂರು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿದಂತೆ” ಎಂದು ಕೊನೆಗೆ ಸೇರಿಸಿ, ಸಾಕು.

ಹಾಸನದಿಂದ, ವಕೀಲೆ:
ಗಾದೆ ಸರಿ, ಆದರೆ ವ್ಯವಹಾರದಲ್ಲಿ ಅದನ್ನೇ ನಂಬಬೇಡಿ. 1872ರ ಕರಾರು ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಯಾವುದಾದರೂ ರೀತಿಯಲ್ಲಿ ಹೊರಗೆ ಕಾಣಬೇಕು. ಸುಮ್ನೆ ಇದ್ದರೆ ಒಪ್ಪಿದಂತೆ ಎಂದು ನೀವೊಬ್ಬರೇ ಷರತ್ತು ಹಾಕಿದರೆ ಅದು ನಿಲ್ಲುವುದು ಕಷ್ಟ. ಬರೆದದ್ದರಲ್ಲಿ ತಪ್ಪಿದ್ದರೆ ತಿಳಿಸಲು ಒಂದು ದಿನ ಗೊತ್ತು ಮಾಡಿ, ಅದು ಒಳ್ಳೆಯದೇ. ಹಣದ ವಿಷಯಕ್ಕೆ ಮಾತ್ರ “ಒಪ್ಪಿದ್ದೇವೆ” ಅನ್ನುವ ಉತ್ತರವನ್ನೇ ಕೇಳಿ.

ಮತ್ತೆ ನಾನು:
ಎಲ್ಲರಿಗೂ ಧನ್ಯವಾದ. ಸಕಲೇಶಪುರದವರೇ, ಆ ಪದವನ್ನು ಬೇರೆಯಾಗಿಯೇ ಚರ್ಚಿಸೋಣ. ಮೇಷ್ಟ್ರು ಹೇಳಿದಂತೆ ಪ್ರತಿ ಸಾಲಿಗೂ ‘ಯಾರು’ ಅನ್ನೋದನ್ನು ಸೇರಿಸಿ ಮೇಲ್ ತಿದ್ದಿದೆ. ಪ್ರಪೋಸಲ್‌ನಲ್ಲಿ ಇದ್ದದ್ದು ಮಾತಿನಲ್ಲಿ ಬದಲಾಗಿದ್ದರೆ ಎರಡನ್ನೂ ಬರೆದೆ. ಮುಂದೆ ಜಗಳ ಹುಟ್ಟುವುದು ಅಲ್ಲೇ. ಅವರ ಕೈಯಲ್ಲಿ ಹಳೇ ಸ್ಲೈಡು ಇನ್ನೂ ಇರುತ್ತದಲ್ಲ.

“ಸ್ಲೈಡ್ 5: ವೆಬ್‌ಸೈಟ್ ಇಂಗ್ಲಿಷಿನಲ್ಲಿ ಮಾತ್ರ ಎಂದಿತ್ತು. ಕನ್ನಡವೂ ಬೇಕು ಎಂದು ನೀವು ಹೇಳಿದಿರಿ, ನಾನು ಒಪ್ಪಿದೆ. ಕನ್ನಡದ ಬರಹವನ್ನು ನಿಮ್ಮ ತಮ್ಮ ಕೊಡುತ್ತಾರೆ.

ಸ್ಲೈಡ್ 8: ಫೋಟೋ ತೆಗೆಯಲು ಮಾರ್ಚ್ 20 ಎಂದಿತ್ತು. ಹೂಮಳೆ ಬೀಳದೆ ದಿನ ಹೇಳಲಾಗದು ಎಂದಿರಿ. ಮಳೆ ಬಿದ್ದ ದಿನವೇ ನೀವು ಫೋನ್ ಮಾಡುವುದು, ಕಾಫಿ ಹೂ ಅರಳಿದ ದಿನ ನಾನು ಬರುವುದು ಎಂದು ಇಬ್ಬರೂ ಒಪ್ಪಿದೆವು.

ಸ್ಲೈಡ್ 11: ನಾನು ಕೇಳಿದ್ದು 1,80,000 ರೂಪಾಯಿ. ನೀವು ಇನ್ನೂ ಒಪ್ಪಿಲ್ಲ. ಶುಕ್ರವಾರದೊಳಗೆ ನಿಮ್ಮ ಮಾತು ತಿಳಿಸಿದರೆ ಕೆಲಸ ಶುರು ಮಾಡುತ್ತೇನೆ.”

ಹೂವಿನ ವಿಷಯದಲ್ಲಿ ತಾರೀಖು ಇಲ್ಲ, ಆದರೂ ಅದು ತೀರ್ಮಾನವೇ. ಯಾರು ಏನು ಮಾಡಬೇಕು ಎಂದು ಗೊತ್ತಾಗಿದೆ. ಹಣದ ಸಾಲಿನಲ್ಲಿ ಅಂಕಿ ಇದೆ, ತೀರ್ಮಾನ ಇಲ್ಲ. ಮೊದಲ ಮೇಲ್‌ನಲ್ಲಿ ಇವೆರಡನ್ನೂ ತಿರುಗುಮುರುಗಾಗಿ ಬರೆದಿದ್ದೆ.

ಒಂದು ಅನುಮಾನ ಉಳಿದಿದೆ. ಹಣದಂಥ ಸಾಲುಗಳಿಗೆ ‘ಬಾಕಿ’ ಎಂದು ತಲೆಬರಹ ಕೊಡಬಹುದೇ?

ಹಾಸನದಿಂದ, ಕಾರ್ಯದರ್ಶಿ:
ಬೇಡ. ಬಾಕಿ ಅಂದರೆ ಅವರೇ ದುಡ್ಡು ಕೊಡಬೇಕು ಅನ್ನಿಸುತ್ತದೆ. ನಾವು ‘ಮುಂದಿನ ಸಭೆಗೆ’ ಅಂತ ಬರೆಯುತ್ತೇವೆ.

ಮೇಷ್ಟ್ರು:
ಇವರಿಗೆ ಮುಂದಿನ ಸಭೆಯೇ ಇಲ್ಲವಲ್ಲ. ‘ನೀವು ಹೇಳಬೇಕಾದ್ದು’ ಆಗಬಹುದೇನೋ. ಬೇರೆಯವರು ಏನಂತಾರೆ ನೋಡೋಣ.