ಅಪ್‌ಡೇಟ್: ಶೇ. 95ರ ದೀರ್ಘವೃತ್ತದ ಹೊರಗೆ ಇಷ್ಟೊಂದು ಶೇಂಗಾ ಯಾಕೆ?

ನಾನು ಕೇಳಿದ್ದು: "ಚಳ್ಳಕೆರೆಯ 200 ಶೇಂಗಾಕಾಯಿಗಳ ಉದ್ದ, ದಪ್ಪ ಅಳೆದು, ಐಗನ್ ಮೌಲ್ಯದ ವರ್ಗಮೂಲದ 2 ಪಟ್ಟನ್ನು ಅರ್ಧ ಅಕ್ಷವಾಗಿಟ್ಟು ಶೇ. 95ರ ದೀರ್ಘವೃತ್ತ ಬರೆದೆ. ಸುಮಾರು 10 ಹೊರಗಿರಬೇಕಿತ್ತು, 28 ಇವೆ. ಎಲ್ಲಿ ತಪ್ಪಿದೆ?"

ಸಿಕ್ಕಿತು ಮಾರಾಯ್ರೇ! "ಆ 2 ಅನ್ನೋ ಗುಣಕ ಒಂದೇ ಚರಕ್ಕೆ ಸರಿ, ಎರಡಕ್ಕಲ್ಲ" ಅಂದವರದ್ದೇ ಸರಿ. ಎರಡು ಚರಗಳಿದ್ದಾಗ k ಗುಣಕದ ದೀರ್ಘವೃತ್ತದೊಳಗಿನ ಸಂಭವನೀಯತೆ 1 − e^(−k²/2). k = 2 ಹಾಕಿದರೆ ಶೇ. 86.5 ಮಾತ್ರ. ನನ್ನ 172 ಕಾಯಿ ಅಂದ್ರೆ ಶೇ. 86, ಹೆಚ್ಚುಕಮ್ಮಿ ಅಷ್ಟೇ. ಬೇಕಾದದ್ದು ಇದು:

```python
k = np.sqrt(-2*np.log(0.05))  # 2.448
```

ನನ್ನ ಕೋವೇರಿಯನ್ಸ್ ಮ್ಯಾಟ್ರಿಕ್ಸ್ ಸುಮಾರಾಗಿ [[5, 2], [2, 2]], ಚದರ ಮಿ.ಮೀ.ನಲ್ಲಿ. ಐಗನ್ ಮೌಲ್ಯಗಳು 6 ಮತ್ತು 1. ದೊಡ್ಡದರ ವೆಕ್ಟರ್ (2, 1) ದಿಕ್ಕಿನಲ್ಲಿದೆ, ಅಂದರೆ ಉದ್ದದ ಅಕ್ಷದಿಂದ 26.6 ಡಿಗ್ರಿ ಓರೆ. ಅರ್ಧ ಅಕ್ಷಗಳು 2.448×√6 ≈ 6 ಮಿ.ಮೀ. ಮತ್ತು 2.45 ಮಿ.ಮೀ. ಈಗ ಹೊರಗಿರೋದು 9 ಕಾಯಿ.

"ದೂರದ ಕಾಯಿಗಳನ್ನ ತೆಗೆದುಹಾಕಿ" ಅನ್ನೋ ಸಲಹೆ ಕೆಲಸ ಮಾಡಲಿಲ್ಲ. ತೆಗೆದಷ್ಟೂ ಐಗನ್ ಮೌಲ್ಯ ಕುಗ್ಗಿ ದೀರ್ಘವೃತ್ತವೂ ಸಣ್ಣದಾಯ್ತು, ಒಳಗಿದ್ದ ಬೇರೆ ಕಾಯಿಗಳು ಹೊರಬಿದ್ದವು.

ಇನ್ನೊಂದು ತಮಾಷೆ: ಚಿತ್ರದಲ್ಲಿ ಎರಡು ಅಕ್ಷ ಲಂಬವಾಗಿ ಕಾಣ್ತಿರಲಿಲ್ಲ. ಅರ್ಧ ದಿನ ಲೆಕ್ಕ ತಿದ್ದಿದೆ. ಕೊನೆಗೆ ನೋಡಿದ್ರೆ `ax.set_aspect('equal')` ಹಾಕೋದೇ ಮರೆತಿದ್ದೆ!