ಪ್ರಶ್ನೋತ್ತರ: ಎರಡು ಸೆಕೆಂಡಿನ ಕರೆಂಟ್ ರೆಕಾರ್ಡಿಂಗ್‌ಗೆ ಯಾವ ವಿಂಡೋ?

ಪಂಪ್‌ಹೌಸ್ ಎಂಜಿನಿಯರ್: ಮೇಡಂ, ನಮಸ್ಕಾರ. ಪಂಪಿನ ನಾಲ್ಕು ಪೋಲ್ ಇಂಡಕ್ಷನ್ ಮೋಟಾರ್. ರೋಟರ್ ಬಾರ್ ಒಡೆದಿದೆಯೇ ಅಂತ ಕರೆಂಟ್ ಸ್ಪೆಕ್ಟ್ರಮ್ ನೋಡ್ತಿದ್ದೀನಿ. ಲೋಡ್ ಏರಿಳಿಯುತ್ತೆ, ಸ್ಥಿರವಾಗಿ ಸಿಗೋದು 2 ಸೆಕೆಂಡ್ ಮಾತ್ರ. 1000 ಹರ್ಟ್ಸ್‌ನಲ್ಲಿ 2000 ಸ್ಯಾಂಪಲ್, ಸಪ್ಲೈ 49.87 ಹರ್ಟ್ಸ್, ವೇಗ 1466 ಆರ್‌ಪಿಎಂ. 50ರ ಸುತ್ತ ಒಂದು ದೊಡ್ಡ ಗುಡ್ಡ ಬಿಟ್ಟರೆ ಏನೂ ಕಾಣಲ್ಲ. ಯಾವ ವಿಂಡೋ ಹಾಕಲಿ?

ಮೋಟಾರ್ ಪರೀಕ್ಷಕಿ: ನಿಮಗೆ ಬೇಕಾದ ಸೈಡ್‌ಬ್ಯಾಂಡ್ ಎಲ್ಲಿ ಬೀಳುತ್ತದೆ ಅಂತ ಮೊದಲು ಲೆಕ್ಕ ಹಾಕಿ, ವಿಂಡೋ ಮಾತು ಆಮೇಲೆ. 49.87ಕ್ಕೆ ಸಿಂಕ್ರೋನಸ್ ವೇಗ 1496, ಸ್ಲಿಪ್ ಶೇ. 2. ಬಾರ್ ಒಡೆದಿದ್ದರೆ ಸ್ಲಿಪ್ ಫ್ರೀಕ್ವೆನ್ಸಿಯ ಎರಡರಷ್ಟು ದೂರದಲ್ಲಿ, ಅಂದರೆ 2 ಹರ್ಟ್ಸ್ ಆಚೀಚೆ, 47.87ರಲ್ಲೂ 51.87ರಲ್ಲೂ ಗೆರೆ ಬರಬೇಕು. 2 ಸೆಕೆಂಡಿನ ತುಣುಕಿಗೆ ಒಂದು ಬಿನ್ ಅರ್ಧ ಹರ್ಟ್ಸ್. ಹಾಗಾಗಿ ಮುಖ್ಯ ಗೆರೆಗೂ ಸೈಡ್‌ಬ್ಯಾಂಡಿಗೂ ನಡುವೆ ಇರುವುದು ಬರೀ ನಾಲ್ಕು ಬಿನ್.

49.87 ಯಾವ ಬಿನ್ ಮೇಲೂ ಸರಿಯಾಗಿ ಕೂರುವುದಿಲ್ಲ. ತುಣುಕಿನಲ್ಲಿ 99.74 ಸುತ್ತು ಇದೆ, ತುದಿಗಳು ಕೂಡುವುದಿಲ್ಲ, ಆ ಮುರಿತವೇ ಇಡೀ ಸ್ಪೆಕ್ಟ್ರಮ್‌ಗೆ ಹರಡುತ್ತದೆ. ವಿಂಡೋ ಹಾಕದಿದ್ದರೆ 48ರ ಬಿನ್‌ನಲ್ಲಿ ಬರೀ ಸೋರಿಕೆಯೇ ಶಿಖರಕ್ಕಿಂತ 23 ಡಿಬಿ ಕೆಳಗೆ ನಿಂತಿರುತ್ತದೆ. ನೀವು ಹುಡುಕುವುದು 45 ಡಿಬಿ ಕೆಳಗೆ ಇರುವುದನ್ನು. ಕಾಣದಿರುವುದು ಸಹಜ.

ಹ್ಯಾನ್ ಹಾಕಿದರೆ ಅದೇ ಬಿನ್‌ನಲ್ಲಿ ಸೋರಿಕೆ 46 ಡಿಬಿ ಕೆಳಗೆ ಇಳಿಯುತ್ತದೆ. ಬಹಳ ಇಳಿಯಿತು ಅನ್ನಿಸುತ್ತದೆ, ಆದರೆ ನಿಮ್ಮ ಸೈಡ್‌ಬ್ಯಾಂಡೂ ಅಲ್ಲೇ ಇದ್ದರೆ ಯಾವುದು ಯಾವುದು ಅಂತ ಹೇಳಲಾಗದು. ಬ್ಲ್ಯಾಕ್‌ಮನ್ 60ಕ್ಕೆ ಒಯ್ಯುತ್ತದೆ. ಬದಲಿಗೆ ಅದರ ಮುಖ್ಯ ಹಾಲೆ ಒಂದೊಂದು ಕಡೆ ಮೂರು ಬಿನ್ ಅಗಲ, ಹ್ಯಾನ್‌ಗೆ ಎರಡೇ. ನಿಮಗೆ ನಾಲ್ಕು ಬಿನ್ ಜಾಗ ಇದೆ, ಆದ್ದರಿಂದ ಬ್ಲ್ಯಾಕ್‌ಮನ್.

```python
x = x - x.mean()
w = scipy.signal.get_window("blackman", len(x))
X = abs(np.fft.rfft(x * w)) * 2 / w.sum()
db = 20 * np.log10(X / X.max())
```

ಸರಾಸರಿಯನ್ನು ಮೊದಲೇ ಕಳೆಯಿರಿ, ಇಲ್ಲದಿದ್ದರೆ ಕ್ಲ್ಯಾಂಪಿನ ಡಿಸಿ ಆಫ್‌ಸೆಟ್ಟೂ ವಿಂಡೋ ಜೊತೆ ಹರಡುತ್ತದೆ. `w.sum()`ನಿಂದ ಭಾಗಿಸದಿದ್ದರೆ ಆಂಪಿಯರ್ ಲೆಕ್ಕ ತಪ್ಪುತ್ತದೆ: ಬ್ಲ್ಯಾಕ್‌ಮನ್ ಶಿಖರವನ್ನು 0.42ಕ್ಕೆ ಇಳಿಸುತ್ತದೆ. ಡಿಬಿ ಅಂತರಕ್ಕೆ ಇದರಿಂದ ವ್ಯತ್ಯಾಸ ಆಗುವುದಿಲ್ಲ.

ಆಡಿಯೋ ಸದಸ್ಯ: ನನ್ನ ಪ್ರಶ್ನೆ ವೀಣೆಯದು. ಮೀಟಿದ ಮೊದಲ 200 ಮಿಲಿಸೆಕೆಂಡ್ ಬೇಕು, ವಿಂಡೋ ಹಾಕಿದರೆ ಮೀಟೇ ಮಾಯ ಆಗುತ್ತೆ. ಏನು ಮಾಡಲಿ?

ಹಿರಿಯ ಮೆಕ್ಯಾನಿಕ್: ಅಳತೆ ಸರಿ ಬರಬೇಕಂದರೆ ಫ್ಲಾಟ್‌ಟಾಪ್ ಹಾಕ್ರೀ. ಶಿಖರದ ಎತ್ತರ ಸರಿಯಾಗಿ ಕೊಡೋದು ಅದೊಂದೇ.

ಮೋಟಾರ್ ಪರೀಕ್ಷಕಿ: ಎತ್ತರದ ಮಾತು ನಿಜ, ಒಂಟಿ ಗೆರೆಯ ಆಂಪ್ಲಿಟ್ಯೂಡ್ ಅಳೆಯಲು ಫ್ಲಾಟ್‌ಟಾಪೇ ಸರಿ. ಆದರೆ ಅದರ ಹಾಲೆ ಒಂದು ಕಡೆಗೇ ಐದು ಬಿನ್. ನಾಲ್ಕು ಬಿನ್ ದೂರದ ಸೈಡ್‌ಬ್ಯಾಂಡ್ ಅದರ ಹೊಟ್ಟೆಯೊಳಗೇ ಹೋಗುತ್ತದೆ.

ಸದಸ್ಯ: ಹ್ಯಾಮಿಂಗ್ ಆಗಲ್ವಾ?

ಮೋಟಾರ್ ಪರೀಕ್ಷಕಿ: ಇಲ್ಲಿ ಅದೂ 46ರ ಹತ್ತಿರವೇ. ಹ್ಯಾನ್‌ಗಿಂತ ಹೆಚ್ಚೇನೂ ಸಿಗಲ್ಲ.

ಆಡಿಯೋ ಸದಸ್ಯ: ಫಾರ್ವರ್ಡ್ ಬಂದಿದೆ: “ಕೊನೆಗೆ 6000 ಸೊನ್ನೆ ಸೇರಿಸಿ, ರೆಸಲ್ಯೂಷನ್ ನಾಲ್ಕು ಪಟ್ಟು, ವಿಂಡೋ ಬೇಕಿಲ್ಲ.”

ಮೋಟಾರ್ ಪರೀಕ್ಷಕಿ: ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ಸೊನ್ನೆ ಸೇರಿಸಿದರೆ ಅದೇ ವಕ್ರರೇಖೆಯ ಮೇಲೆ ಚುಕ್ಕೆಗಳು ಹೆಚ್ಚುತ್ತವೆ ಅಷ್ಟೆ. ಶಿಖರದ ಜಾಗ ಓದಲು ಅನುಕೂಲ, ಆದರೆ ಹಾಲೆಯ ಅಗಲ ನಿರ್ಧಾರವಾಗುವುದು ನಿಜವಾದ 2 ಸೆಕೆಂಡಿನಿಂದಲೇ. ವಿಂಡೋ ಇಲ್ಲದೆ ಸೊನ್ನೆ ಸೇರಿಸಿದರೆ 50ರ ಎರಡೂ ಕಡೆ ಅರ್ಧರ್ಧ ಹರ್ಟ್ಸ್‌ಗೆ ಅಚ್ಚುಕಟ್ಟಾದ ಉಬ್ಬುಗಳು ಏಳುತ್ತವೆ. ಅವು ಬದಿಯ ಹಾಲೆಗಳು. ಅವನ್ನೇ ಸೈಡ್‌ಬ್ಯಾಂಡ್ ಅಂದುಕೊಂಡರೆ ಒಳ್ಳೆಯ ರೋಟರನ್ನು ಕಳಚಿ ಇಡುತ್ತೀರಿ. ಸೊನ್ನೆ ಬೇಕೇ ಬೇಕಾದರೆ 2000 ಸ್ಯಾಂಪಲ್‌ಗೆ ಮೊದಲು ವಿಂಡೋ, ಆಮೇಲೆ ಸೊನ್ನೆ. 8000 ಉದ್ದದ ವಿಂಡೋ ಹಾಕಿದರೆ ತುಣುಕಿನ ಕೊನೆ ಮತ್ತೆ ಚೂಪಾಗಿ ಕತ್ತರಿಸಿದಂತಾಗುತ್ತದೆ.

ಲ್ಯಾಬ್ ಟೆಕ್ನಿಷಿಯನ್: ವಿಂಡೋ ಯಾಕೆ ಬೇಕು? ಪೂರ್ತಿ ಸುತ್ತುಗಳಿಗೆ ಕತ್ತರಿಸಿ. 49.87ಕ್ಕೆ 100 ಸುತ್ತು ಅಂದರೆ 2005 ಸ್ಯಾಂಪಲ್. ಸೋರಿಕೆ 51 ಡಿಬಿ ಕೆಳಗೆ ಹೋಗುತ್ತೆ, ನಿಮ್ಮ ಹ್ಯಾನ್‌ಗಿಂತ ಚೆನ್ನ.

ಎಂ.ಟೆಕ್ ವಿದ್ಯಾರ್ಥಿನಿ: ಫ್ರೀಕ್ವೆನ್ಸಿ ನಿಖರವಾಗಿ ಗೊತ್ತಿದ್ದರೆ ಮಾತ್ರ ಸರ್. 49.89 ಅಂತ ತಪ್ಪಾಗಿ ಓದಿ 2004 ಸ್ಯಾಂಪಲ್‌ಗೆ ಕತ್ತರಿಸಿದರೆ ಸೋರಿಕೆ ಮೇಲೇರಿ 36 ಡಿಬಿಗೆ ಬಂದು ನಿಲ್ಲುತ್ತೆ. 0.02 ಹರ್ಟ್ಸ್ ತಪ್ಪಿಗೆ 15 ಡಿಬಿ ಹೋಯ್ತು.

ಲ್ಯಾಬ್ ಟೆಕ್ನಿಷಿಯನ್: ಸರಿಯಾಗಿ ಓದೋಕೆ ಬರದಿದ್ದರೆ ಅದು ವಿಧಾನದ ತಪ್ಪಲ್ಲಮ್ಮ.

ಎಂ.ಟೆಕ್ ವಿದ್ಯಾರ್ಥಿನಿ: ಎರಡೇ ಸೆಕೆಂಡಿನಲ್ಲೂ ಗ್ರಿಡ್ ಫ್ರೀಕ್ವೆನ್ಸಿ ಸ್ವಲ್ಪ ಜಾರಬಹುದು. ಆಗ ಯಾವ ಸಂಖ್ಯೆಗೆ ಕತ್ತರಿಸ್ತೀರಿ?

ಲ್ಯಾಬ್ ಟೆಕ್ನಿಷಿಯನ್: ಪುಸ್ತಕ ಮುಚ್ಚಿಟ್ಟು ಒಂದು ಸಲ ಕ್ಲ್ಯಾಂಪ್ ಹಿಡಿದು ನೋಡಿ.

ಮೋಟಾರ್ ಪರೀಕ್ಷಕಿ: ಆ ಮಾತು ಬೇಡ, ಅವರ ಲೆಕ್ಕ ಸರಿಯಿದೆ. ನಿಮ್ಮದೂ ಅರ್ಧ ಸರಿ. ಎರಡನ್ನೂ ಸೇರಿಸಿ: 100 ಸುತ್ತಿಗೆ ಹತ್ತಿರ ಕತ್ತರಿಸಿ, ಅದರ ಮೇಲೆ ಹ್ಯಾನ್ ಹಾಕಿ. 2005ಕ್ಕೆ ಕತ್ತರಿಸಿದರೆ ಸೋರಿಕೆ 75ರಷ್ಟು ಕೆಳಗೆ. ತಪ್ಪಿ 2004 ಆದರೂ 59, ಅಂದರೆ ಬ್ಲ್ಯಾಕ್‌ಮನ್ ಕೊಡುವಷ್ಟೇ, ಹಾಲೆ ಮಾತ್ರ ಎರಡು ಬಿನ್. ಸ್ಲಿಪ್ ಕಡಿಮೆ ಇರುವ ಮೋಟಾರಿಗೆ ಈ ಒಂದು ಬಿನ್ ಲಾಭ ದೊಡ್ಡದು.

ಲ್ಯಾಬ್ ಟೆಕ್ನಿಷಿಯನ್: ನಾನು ಹೇಳಿದ್ದೂ ಇದನ್ನೇ.

ಎಂ.ಟೆಕ್ ವಿದ್ಯಾರ್ಥಿನಿ: ನೀವು ಹೇಳಿದ್ದು “ವಿಂಡೋ ಯಾಕೆ ಬೇಕು” ಅಂತ.

ಪಂಪ್‌ಹೌಸ್ ಎಂಜಿನಿಯರ್: ಬ್ಲ್ಯಾಕ್‌ಮನ್ ಹಾಕಿದೆ ಮೇಡಂ. 48ರಲ್ಲಿ 43 ಡಿಬಿ ಕೆಳಗೆ ಒಂದು ಗೆರೆ ಎದ್ದಿದೆ, 52ರಲ್ಲಿ ಸ್ವಲ್ಪ ಚಿಕ್ಕದು. ಬಾರ್ ಒಡೆದಿದೆ ಅಂತ ಬರೆದುಬಿಡಲಾ?

ಮೋಟಾರ್ ಪರೀಕ್ಷಕಿ: ಇನ್ನೂ ಬರೆಯಬೇಡಿ. ಸೋರಿಕೆಯ ನೆಲ 60ರಲ್ಲಿದೆ, ಅದಕ್ಕಿಂತ 17 ಡಿಬಿ ಮೇಲೆ ನಿಂತ ಗೆರೆ ಸೋರಿಕೆಯಲ್ಲ ಅನ್ನಬಹುದು. ಆದರೂ ಖಚಿತ ಮಾಡಿಕೊಳ್ಳಿ. ಅದೇ ತುಣುಕನ್ನು 1800ಕ್ಕೂ 1650ಕ್ಕೂ ಕತ್ತರಿಸಿ ಮತ್ತೆ ಬ್ಲ್ಯಾಕ್‌ಮನ್ ಹಾಕಿ. ನಿಜವಾದ ಗೆರೆ 47.87ರ ಹತ್ತಿರವೇ ಇರುತ್ತದೆ. ಉದ್ದ ಬದಲಾದಂತೆ ಜಾಗ ಬದಲಿಸಿದರೆ ಅದು ಹಾಲೆ.

ಆಮೇಲೂ ಒಂದು ಅನುಮಾನ ಉಳಿಯುತ್ತದೆ. ಲೋಡ್ ಏರಿಳಿಯುತ್ತದೆ ಅಂದಿರಿ. ಸೆಕೆಂಡಿಗೆ ಎರಡು ಸಲ ಲೋಡ್ ತೂಗಿದರೂ ಇಂಥದೇ ಗೆರೆ ಬರುತ್ತದೆ, ಅದನ್ನು ಯಾವ ವಿಂಡೋನೂ ಬೇರ್ಪಡಿಸದು. ಸಪ್ಲೈ ಇಷ್ಟೇ ಇರುವಾಗ ಲೋಡ್ ಹೆಚ್ಚಿಸಿ, ವೇಗ 1455ಕ್ಕೆ ಇಳಿದಾಗ ಇನ್ನೊಂದು ತುಣುಕು ತೆಗೆಯಿರಿ. ರೋಟರಿನದಾದರೆ ಗೆರೆ 47.1ರ ಕಡೆ ಸರಿಯಬೇಕು. ಸರಿಯದೆ 48ರಲ್ಲೇ ನಿಂತರೆ ಪಂಪಿನ ಕಡೆ ನೋಡಿ.

ಸದಸ್ಯ: ಒಟ್ಟಿನಲ್ಲಿ ಯಾವ ವಿಂಡೋ ಬೆಸ್ಟ್?

ಮೋಟಾರ್ ಪರೀಕ್ಷಕಿ: ಮೇಲೆ ಓದಿ.

ಹಿರಿಯ ಮೆಕ್ಯಾನಿಕ್: ನಮ್ಮ ಮೋಟಾರ್ ಖಾಲಿ ಓಡ್ತದೆ, ಸ್ಲಿಪ್ ಅರ್ಧ ಪರ್ಸೆಂಟು. ಇದೇ 2 ಸೆಕೆಂಡ್ ಸಾಕಾ?

ಮೋಟಾರ್ ಪರೀಕ್ಷಕಿ: ಸಾಲದು. ಅಂತರ ಅರ್ಧ ಹರ್ಟ್ಸ್, ಅಂದರೆ ಒಂದೇ ಬಿನ್, ಎಲ್ಲ ವಿಂಡೋ ಹಾಲೆಯೊಳಗೂ ಮುಳುಗುತ್ತದೆ. ಬ್ಲ್ಯಾಕ್‌ಮನ್‌ಗೆ 6 ಸೆಕೆಂಡ್ ದಾಟಲೇಬೇಕು, 8 ತೆಗೆಯಿರಿ. ಲೋಡ್ ಹಾಕಿ ಅಳೆಯುವುದು ಅದಕ್ಕಿಂತ ಒಳ್ಳೆಯದು.

ಆಡಿಯೋ ಸದಸ್ಯ: ವೀಣೆಯದ್ದು ಯಾರೂ ಹೇಳಲಿಲ್ಲ.

ಲ್ಯಾಬ್ ಟೆಕ್ನಿಷಿಯನ್: ಇದು ಮೋಟಾರ್ ಪ್ರಶ್ನೆ ಸ್ವಾಮಿ.

ಪಂಪ್‌ಹೌಸ್ ಎಂಜಿನಿಯರ್: 1800, 1650 ಎರಡೂ ಮಾಡಿದೆ, ಗೆರೆ ಜಾಗ ಬಿಟ್ಟಿಲ್ಲ. ನಾಳೆ ಡೆಲಿವರಿ ವಾಲ್ವ್ ಇನ್ನಷ್ಟು ತೆರೆದು 1455ರಲ್ಲಿ ತೆಗೀತೀನಿ. ಅಲ್ಲೀವರೆಗೂ ರೋಟರ್ ಮುಟ್ಟಲ್ಲ.