ತಾಪಮಾನ ವ್ಯತ್ಯಯದ ಗ್ರಾಫ್: ನೈಸರ್ಗಿಕ ಮತ್ತು ಮಾನವಜನ್ಯ ಫೋರ್ಸಿಂಗ್‌ಗಳನ್ನು ಉತ್ತರದಲ್ಲಿ ಬೇರ್ಪಡಿಸುವುದು ಹೇಗೆ?

ಭೂಗೋಳ_ಪರೀಕ್ಷಾರ್ಥಿ

ಎಲ್ಲರಿಗೂ ನಮಸ್ಕಾರ. ಭೂಗೋಳಶಾಸ್ತ್ರದ ಸ್ನಾತಕೋತ್ತರ ಪರೀಕ್ಷೆಗೆ ಓದುತ್ತಿದ್ದೇನೆ. ಮಾದರಿ ಪರೀಕ್ಷೆಯೊಂದರಲ್ಲಿ 1880ರಿಂದ 2020ರವರೆಗಿನ ನಾಸಾದ ಜಾಗತಿಕ ತಾಪಮಾನ ವ್ಯತ್ಯಯದ ಗ್ರಾಫ್ ಕೊಟ್ಟು, ಅದನ್ನು ವಿಶ್ಲೇಷಿಸಿ ನೈಸರ್ಗಿಕ ಹಾಗೂ ಮಾನವಜನ್ಯ ಫೋರ್ಸಿಂಗ್‌ಗಳನ್ನು ಪ್ರತ್ಯೇಕಿಸಲು ಕೇಳಿದ್ದರು. ಗ್ರಾಫ್‌ನ ಕೆಳಗೆ "1951–1980ರ ಸರಾಸರಿಗೆ ಹೋಲಿಸಿದಂತೆ" ಎಂದು ಬರೆದಿತ್ತು. 15 ಅಂಕಗಳಲ್ಲಿ ನನಗೆ ಬಂದದ್ದು 6. ಉತ್ತರದ ಮುಖ್ಯ ಭಾಗವನ್ನು ಇಲ್ಲಿ ಕೊಡುತ್ತಿದ್ದೇನೆ:

"2016ರಲ್ಲಿ ಭೂಮಿಯ ತಾಪಮಾನವು ಕೈಗಾರಿಕಾ ಪೂರ್ವ ಕಾಲಕ್ಕಿಂತ 1 ಡಿಗ್ರಿ ಹೆಚ್ಚಾಗಿತ್ತು. 1998 ಮತ್ತು 2016ರ ಶಿಖರಗಳು ಎಲ್ ನಿನೊ ಎಂಬ ನೈಸರ್ಗಿಕ ಫೋರ್ಸಿಂಗ್‌ನಿಂದ ಉಂಟಾದವು. 1991ರ ಪಿನಾಟುಬೊ ಜ್ವಾಲಾಮುಖಿಯಿಂದ ತಾಪಮಾನ 0.5 ಡಿಗ್ರಿ ಇಳಿದಿರುವುದನ್ನು ಗ್ರಾಫ್ ತೋರಿಸುತ್ತದೆ. 1975ರ ನಂತರದ ಏರಿಕೆ ನಿರಂತರವಾಗಿರುವುದರಿಂದ ಅದು ಮಾನವಜನ್ಯವೆಂದು ಗ್ರಾಫ್‌ನಿಂದಲೇ ಸ್ಪಷ್ಟವಾಗುತ್ತದೆ."

ಮೌಲ್ಯಮಾಪಕರು ಮೊದಲ ಮೂರು ವಾಕ್ಯಗಳಿಗೆ ಅಡಿಗೆರೆ ಎಳೆದಿದ್ದಾರೆ. ನಾಲ್ಕನೆಯದರ ಪಕ್ಕದಲ್ಲಿ "ಗ್ರಾಫ್ ಇದನ್ನು ಹೇಳುತ್ತದೆಯೇ?" ಎಂದಷ್ಟೇ ಬರೆದಿದ್ದಾರೆ. ತಪ್ಪು ಎಲ್ಲಿದೆ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಕಾಲೇಜು_ಮಿತ್ರ

ಮೊದಲ ವಾಕ್ಯದ ತಪ್ಪು ನೇರವಾಗಿಯೇ ಕಾಣುತ್ತಿದೆ. ಗ್ರಾಫ್‌ನ ಸೊನ್ನೆ ಗೆರೆ 1951–1980ರ ಸರಾಸರಿಯೇ ಹೊರತು ಕೈಗಾರಿಕಾ ಪೂರ್ವ ಕಾಲದ್ದಲ್ಲ. ಆದರೆ ಎಲ್ ನಿನೊ ವಿಷಯದಲ್ಲಿ ನೀವು ಬರೆದದ್ದು ಸರಿಯೆಂದೇ ನನ್ನ ಅಭಿಪ್ರಾಯ. ಅದು ಮನುಷ್ಯರು ಮಾಡಿದ್ದಲ್ಲವಾದ್ದರಿಂದ ನೈಸರ್ಗಿಕ ಫೋರ್ಸಿಂಗ್ ಎನ್ನಲು ಅಡ್ಡಿಯಿಲ್ಲ. ಕೊನೆಯ ವಾಕ್ಯಕ್ಕೆ ಆಧಾರ ಬೇಕಿದ್ದರೆ ಇಂಗಾಲದ ಡೈಆಕ್ಸೈಡ್ ಏರಿಕೆಯ ಗೆರೆಯನ್ನು ಪಕ್ಕದಲ್ಲಿ ಬಿಡಿಸಿ, ಎರಡೂ ಒಟ್ಟಿಗೆ ಏರುತ್ತಿವೆ ಎಂದು ತೋರಿಸಿದರೆ ಸಾಕು.

ಹವಾಮಾನ_ಅಧ್ಯಾಪಕಿ

ಕಾಲೇಜು_ಮಿತ್ರ ಅವರು ಸೊನ್ನೆ ಗೆರೆಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಉಳಿದೆರಡನ್ನು ಒಪ್ಪಲಾರೆ. ಅಂಕ ಹೆಚ್ಚು ಹೋಗಿರುವುದು ಆ ಎರಡು ಕಡೆಯೇ ಇರಬೇಕು.

ಮೊದಲು ಸೊನ್ನೆ ಗೆರೆಯ ಮಾತು ಮುಗಿಸೋಣ. ಇದೇ ಗ್ರಾಫ್‌ನ ಎಡತುದಿಯಲ್ಲಿ 1880ರಿಂದ 1900ರವರೆಗಿನ ಬಿಂದುಗಳನ್ನು ನೋಡಿದರೆ ಅವು ಸರಾಸರಿಯಾಗಿ ಸೊನ್ನೆಗಿಂತ ಸುಮಾರು 0.2 ಡಿಗ್ರಿ ಕೆಳಗಿವೆ. 2016ರ ಬಿಂದು ಸೊನ್ನೆಗಿಂತ ಸುಮಾರು 1.0 ಮೇಲಿದೆ. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಸ್ಥಿತಿಗಿಂತ ಏರಿಕೆ ಸುಮಾರು 1.2 ಡಿಗ್ರಿ ಎಂದು ಗ್ರಾಫ್‌ನಿಂದಲೇ ಲೆಕ್ಕ ಹಾಕಿ ಬರೆಯಬಹುದಿತ್ತು. ಬ್ರಿಟನ್ನಿನ ಹವಾಮಾನ ಇಲಾಖೆಯ ಗ್ರಾಫ್‌ಗಳು 1961–1990ನ್ನು ಆಧಾರವಾಗಿ ಇಟ್ಟುಕೊಳ್ಳುವುದು ಸಾಮಾನ್ಯ. ಅದರಲ್ಲಿ ಇದೇ ವರ್ಷದ ಬಿಂದು ಕೆಳಗೆ ಕಾಣುತ್ತದೆ, ಭೂಮಿ ಮಾತ್ರ ಅಷ್ಟೇ ಬಿಸಿಯಾಗಿರುತ್ತದೆ.

ಇನ್ನು ಎಲ್ ನಿನೊ. ಭೂಮಿಗೆ ಬರುವ ಶಕ್ತಿ ಮತ್ತು ಭೂಮಿಯಿಂದ ಹೊರಹೋಗುವ ಶಕ್ತಿಯ ಸಮತೋಲನವನ್ನು ಹೊರಗಿನಿಂದ ಬದಲಿಸುವುದನ್ನು ಮಾತ್ರ ಫೋರ್ಸಿಂಗ್ ಎನ್ನುತ್ತಾರೆ. ಸೂರ್ಯನ ಪ್ರಖರತೆಯ ಬದಲಾವಣೆ ಹಾಗೆ ಮಾಡುತ್ತದೆ, ಜ್ವಾಲಾಮುಖಿ ಮೇಲಕ್ಕೆಸೆಯುವ ಗಂಧಕದ ಕಣಗಳೂ ಹಾಗೆಯೇ ಮಾಡುತ್ತವೆ. ಎಲ್ ನಿನೊದಲ್ಲಿ ನಡೆಯುವುದು ಬೇರೆ: ಪೆಸಿಫಿಕ್ ಸಾಗರದಲ್ಲಿ ಈಗಾಗಲೇ ಸಂಗ್ರಹವಾಗಿರುವ ಶಾಖ ಮೇಲ್ಮೈಗೆ ಹರಡಿ ವಾತಾವರಣಕ್ಕೆ ಸೇರುತ್ತದೆ. ಇದು ವ್ಯವಸ್ಥೆಯ ಒಳಗಿನ ಏರಿಳಿತ. ಆದ್ದರಿಂದ ನೈಸರ್ಗಿಕ, ಮಾನವಜನ್ಯ ಎಂಬ ಎರಡೇ ಗುಂಪುಗಳಲ್ಲಿ ಬರೆದರೆ ಉತ್ತರ ದಾರಿ ತಪ್ಪುತ್ತದೆ. ನೈಸರ್ಗಿಕ ಫೋರ್ಸಿಂಗ್, ಆಂತರಿಕ ಏರಿಳಿತ, ಮಾನವಜನ್ಯ ಫೋರ್ಸಿಂಗ್ ಎಂಬ ಮೂರು ಗುಂಪುಗಳು ಬೇಕು.

ಆಂತರಿಕ ಏರಿಳಿತವು ದೀರ್ಘಕಾಲದ ಏರಿಕೆಯನ್ನು ವಿವರಿಸಲಾರದು ಎಂಬುದಕ್ಕೆ ಒಳ್ಳೆಯ ಸಾಕ್ಷಿ ನಿಮ್ಮ ಗ್ರಾಫ್‌ನಲ್ಲೇ ಇದೆ. 1998ರದು ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲಿ ಒಂದು. 2011 ಲಾ ನಿನಾ ಪ್ರಭಾವದ ವರ್ಷ, ಅಂದರೆ ಸಾಗರ ಮೇಲ್ಮೈ ತಂಪಾಗಿದ್ದ ವರ್ಷ. ಎರಡರ ಬಿಂದುಗಳೂ ಹೆಚ್ಚುಕಡಿಮೆ 0.6ರಲ್ಲೇ ಇವೆ. ಹದಿಮೂರು ವರ್ಷಗಳ ಹಿಂದೆ ಎಲ್ ನಿನೊದ ಬಲದಿಂದ ಮುಟ್ಟಿದ ಎತ್ತರವನ್ನು ತಂಪಿನ ವರ್ಷವೊಂದು ಮುಟ್ಟಿದೆ ಎಂದರೆ ಏರಿಳಿತದ ಕೆಳಗಿನ ನೆಲೆಯೇ ಮೇಲೇರಿದೆ. ಇಂತಹ ಓದು ಉತ್ತರಪತ್ರಿಕೆಯಲ್ಲಿ ಅಪರೂಪ, ಅದಕ್ಕೇ ಅಂಕ ಸಿಗುತ್ತದೆ.

ಪಿನಾಟುಬೊ ಬಗ್ಗೆ: 0.5 ಎಂಬ ಅಂಕಿ ಪಠ್ಯಪುಸ್ತಕದಿಂದ ಬಂದದ್ದು, ಗ್ರಾಫ್‌ನಿಂದ ಬಂದದ್ದಲ್ಲ. ವಾರ್ಷಿಕ ಬಿಂದುಗಳಲ್ಲಿ 1991 ಸುಮಾರು 0.4ರಲ್ಲಿ, 1992 ಸುಮಾರು 0.2ರಲ್ಲಿ ಇದೆ, ಕಣ್ಣಿಗೆ ಕಾಣುವ ಇಳಿಕೆ 0.2 ಮಾತ್ರ. ಕಾರಣ, 1991–92ರಲ್ಲಿ ಎಲ್ ನಿನೊ ಇದ್ದು ಅದು ತಂಪಿನ ಒಂದು ಪಾಲನ್ನು ಮರೆಮಾಡಿತು. ಪುಸ್ತಕಗಳ ದೊಡ್ಡ ಅಂಕಿಯು ಎಲ್ ನಿನೊದ ಪ್ರಭಾವವನ್ನು ಕಳೆದು, ತಂಪು ಅತಿ ಹೆಚ್ಚಿದ್ದ ತಿಂಗಳುಗಳನ್ನು ನೋಡಿ ಹೇಳಿದ್ದು. "ಗ್ರಾಫ್ ತೋರಿಸುತ್ತದೆ" ಎಂದು ಬರೆದ ಮೇಲೆ ಗ್ರಾಫ್‌ನಲ್ಲಿ ಇರುವ ಅಂಕಿಯನ್ನೇ ಕೊಡಬೇಕು.

ಕೊನೆಯ ವಾಕ್ಯ ಎಲ್ಲಕ್ಕಿಂತ ಮುಖ್ಯ. ತಾಪಮಾನದ ಗೆರೆ ಏನಾಯಿತು ಎಂಬುದನ್ನಷ್ಟೇ ಹೇಳುತ್ತದೆ, ಏಕೆ ಎಂಬುದನ್ನಲ್ಲ. ಇಂಗಾಲದ ಡೈಆಕ್ಸೈಡಿನ ಗೆರೆಯನ್ನು ಪಕ್ಕದಲ್ಲಿಟ್ಟರೂ ಸಿಗುವುದು ಎರಡೂ ಜೊತೆಯಾಗಿ ಏರಿವೆ ಎಂಬ ಮಾಹಿತಿ ಮಾತ್ರ. ಕಾರಣ ಹೇಳಲು ಪ್ರತಿಯೊಂದು ಫೋರ್ಸಿಂಗ್‌ನ ಗಾತ್ರ ಬೇಕು, ಅದು ಬಿಟ್ಟುಹೋಗುವ ಗುರುತು ಬೇಕು.

ಬೆಂಗಳೂರು_ಬಸವನಗುಡಿ

ಇಷ್ಟೆಲ್ಲ ಸೂಕ್ಷ್ಮಕ್ಕೆ ಹೋಗುವ ಅಗತ್ಯವಿದೆಯೇ ಎಂದು ನನಗೆ ಅನುಮಾನ. ನಮ್ಮ ಬೀದಿಯ ಮರಗಳು ಹೋಗಿ ಕಾಂಕ್ರೀಟು ಬಂದ ಮೇಲೆ ರಾತ್ರಿಯ ಸೆಕೆ ಎಷ್ಟು ಹೆಚ್ಚಾಗಿದೆ ಎಂಬುದನ್ನು ನಾನೇ ಅನುಭವಿಸುತ್ತಿದ್ದೇನೆ. ಮಾನವಜನ್ಯ ಕಾರಣಕ್ಕೆ ಇದನ್ನೇ ಉದಾಹರಣೆಯಾಗಿ ಬರೆದರೆ ಪರೀಕ್ಷಕರಿಗೂ ಹತ್ತಿರವಾಗುತ್ತದಲ್ಲವೇ?

ಹವಾಮಾನ_ಅಧ್ಯಾಪಕಿ

ನಿಮ್ಮ ಬೀದಿಯ ಸೆಕೆ ನಿಜವಾದದ್ದೇ, ಅದು ಮನುಷ್ಯರಿಂದಲೇ ಆದದ್ದೂ ಹೌದು. ಆದರೆ ಅದು ನಗರದ ಶಾಖದ ಪ್ರಶ್ನೆ. ಭೂಮಿಯ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಸಾಗರವಿದೆ, ಕಾಂಕ್ರೀಟಿಲ್ಲದ ಅಲ್ಲಿಯೂ ಮೇಲ್ಮೈ ಬಿಸಿಯಾಗಿದೆ. ಜಾಗತಿಕ ಸರಾಸರಿಯನ್ನು ಕಟ್ಟುವಾಗ ನಗರದ ಕೇಂದ್ರಗಳ ಪ್ರಭಾವವನ್ನು ನಾಸಾ ಸರಿಹೊಂದಿಸುತ್ತದೆ ಕೂಡ. ಈ ಪ್ರಶ್ನೆಯಲ್ಲಿ ಇದನ್ನು ಮುಖ್ಯ ಕಾರಣವೆಂದು ಬರೆದರೆ ಅಂಕ ಹೋಗುತ್ತದೆ.

ಭೂಗೋಳ_ಪರೀಕ್ಷಾರ್ಥಿ

ಮೇಡಂ, ತುಂಬಾ ಉಪಕಾರವಾಯಿತು. ಗಾತ್ರ ಮತ್ತು ಗುರುತು ಎಂದಿರಿ. ಸೂರ್ಯನ ವಿಷಯದಲ್ಲಿ ಅದನ್ನು ಹೇಗೆ ಬರೆಯಬೇಕು? ಐಪಿಸಿಸಿ ಆರನೆಯ ವರದಿಯ ಟಿಪ್ಪಣಿಯಲ್ಲಿ ಹಸಿರುಮನೆ ಅನಿಲಗಳ ಪಾಲು 1.0ರಿಂದ 2.0 ಡಿಗ್ರಿ ಎಂದಿದೆ. ಅಳೆದ ಏರಿಕೆಯೇ 1.06 ಆಗಿರುವಾಗ ಒಂದು ಕಾರಣದ ಪಾಲು ಅದಕ್ಕಿಂತ ಹೆಚ್ಚಾಗುವುದು ಹೇಗೆ ಎಂಬುದೂ ನನಗೆ ತಿಳಿಯಲಿಲ್ಲ.

ಹವಾಮಾನ_ಅಧ್ಯಾಪಕಿ

ಸೂರ್ಯನ ಲೆಕ್ಕ ಮೂರು ಸಾಲಿನದು. ಭೂಮಿಯ ದೂರದಲ್ಲಿ ಸೂರ್ಯನ ಶಕ್ತಿ ಚದರ ಮೀಟರಿಗೆ ಸುಮಾರು 1361 ವ್ಯಾಟ್. ಹನ್ನೊಂದು ವರ್ಷಗಳ ಚಕ್ರದಲ್ಲಿ ಅದು ಸುಮಾರು 1 ವ್ಯಾಟಿನಷ್ಟು ಏರಿಳಿಯುತ್ತದೆ. ಭೂಮಿ ಗೋಳವಾದ್ದರಿಂದ ನಾಲ್ಕರಿಂದ ಭಾಗಿಸಬೇಕು, ಶೇ 30ರಷ್ಟು ಪ್ರತಿಫಲನವಾಗಿ ಹಿಂದಿರುಗುವುದರಿಂದ 0.7ರಿಂದ ಗುಣಿಸಬೇಕು:

```
1 ÷ 4 × 0.7 ≈ 0.18
```

ಅಂದರೆ ಚದರ ಮೀಟರಿಗೆ 0.2 ವ್ಯಾಟಿಗೂ ಕಡಿಮೆ, ಅದೂ ಏರಿ ಮತ್ತೆ ಇಳಿಯುವಂಥದ್ದು. 1750ರಿಂದ 2019ರವರೆಗೆ ಇಂಗಾಲದ ಡೈಆಕ್ಸೈಡ್ ಒಂದರಿಂದಲೇ ಆದ ಫೋರ್ಸಿಂಗ್ ಸುಮಾರು 2.16 ವ್ಯಾಟ್. ಉಪಗ್ರಹಗಳು 1978ರ ಕೊನೆಯಿಂದ ಸೂರ್ಯನನ್ನು ಅಳೆಯುತ್ತಿವೆ, ಆ ಅಳತೆಯಲ್ಲಿ ಮೇಲ್ಮುಖ ಪ್ರವೃತ್ತಿ ಇಲ್ಲ. ತಾಪಮಾನ ವೇಗವಾಗಿ ಏರಿದ್ದು ಅದೇ ಅವಧಿಯಲ್ಲಿ. ಇದು ಗಾತ್ರದ ವಾದ. ಗುರುತಿನ ವಾದವೆಂದರೆ, ಸೂರ್ಯನೇ ಕಾರಣವಾಗಿದ್ದರೆ ಪರಿವರ್ತನ ಮಂಡಲ, ಸಮೋಷ್ಣ ಮಂಡಲ ಎರಡೂ ಬಿಸಿಯಾಗಬೇಕಿತ್ತು. ಆಗಿರುವುದು ಕೆಳಗೆ ಬಿಸಿ, ಮೇಲೆ ತಂಪು.

ಎರಡನೆಯ ಸಂದೇಹಕ್ಕೆ ಉತ್ತರ: ಮಾನವಜನ್ಯ ಎಂದರೆ ಬಿಸಿ ಮಾಡುವುದು ಮಾತ್ರವಲ್ಲ. ಕಲ್ಲಿದ್ದಲು ಮತ್ತು ತೈಲ ಸುಟ್ಟಾಗ ಹೊರಬರುವ ಗಂಧಕದಿಂದಾಗುವ ಏರೋಸಾಲ್ ಕಣಗಳು ಬಿಸಿಲನ್ನು ಹಿಂದಕ್ಕೆ ಕಳಿಸುತ್ತವೆ. ಅದೇ ವರದಿ 2010–2019ರ ದಶಕಕ್ಕೆ, 1850–1900ಕ್ಕೆ ಹೋಲಿಸಿ, ಇತರ ಮಾನವ ಕಾರಣಗಳ, ಮುಖ್ಯವಾಗಿ ಏರೋಸಾಲ್‌ಗಳ, ತಂಪನ್ನು 0.0ರಿಂದ 0.8 ಡಿಗ್ರಿ ಎಂದು ಅಂದಾಜಿಸುತ್ತದೆ. ಕೂಡಿ ಕಳೆದರೆ ಒಟ್ಟು ಮಾನವಜನ್ಯ ಪಾಲು 1.07 ಡಿಗ್ರಿ, ಅಳೆದದ್ದು 1.06. ಸೂರ್ಯ ಮತ್ತು ಜ್ವಾಲಾಮುಖಿಗಳದ್ದು −0.1ರಿಂದ +0.1, ಆಂತರಿಕ ಏರಿಳಿತದ್ದು −0.2ರಿಂದ +0.2. ಈ ಸಾಲನ್ನು ನೆನಪಿಟ್ಟರೆ 1940ರಿಂದ 1975ರವರೆಗಿನ ಸಮತಟ್ಟು ಭಾಗವೂ ಅರ್ಥವಾಗುತ್ತದೆ: ಯುದ್ಧಾನಂತರ ಕೈಗಾರಿಕೆ ಬೆಳೆದಾಗ ಅನಿಲವೂ ಗಂಧಕವೂ ಒಟ್ಟಿಗೆ ಹೆಚ್ಚಿದವು. ಆ ಭಾಗವನ್ನು "ಮನುಷ್ಯರ ಪ್ರಭಾವ ಇನ್ನೂ ಇರಲಿಲ್ಲ" ಎಂದು ಬರೆಯುವವರು ಬಹಳ ಮಂದಿ. ಅದು ತಪ್ಪು.

ಓಝೋನ್_ಆಸಕ್ತ

ಅಧ್ಯಾಪಕಿಯವರ ಮಾತಿಗೆ ಒಂದು ತಿದ್ದುಪಡಿ ಸೇರಿಸಲು ಅನುಮತಿ ಕೋರುತ್ತೇನೆ. ಸಮೋಷ್ಣ ಮಂಡಲ ತಂಪಾದದ್ದಕ್ಕೆ ಇಂಗಾಲದ ಡೈಆಕ್ಸೈಡ್ ಒಂದೇ ಕಾರಣವಲ್ಲ. ಅದರ ಕೆಳಭಾಗದಲ್ಲಿ 1980–90ರ ದಶಕಗಳ ತಂಪಿಗೆ ಓಝೋನ್ ನಾಶವೇ ದೊಡ್ಡ ಕಾರಣ. ಇಂಗಾಲದ ಡೈಆಕ್ಸೈಡಿನ ಪ್ರಭಾವ ಎದ್ದು ಕಾಣುವುದು ಅದರ ಮೇಲ್ಭಾಗದಲ್ಲಿ.

ಹವಾಮಾನ_ಅಧ್ಯಾಪಕಿ

ಸರಿಯಾದ ಮಾತು, ಸೇರಿಸಿದ್ದಕ್ಕೆ ಧನ್ಯವಾದಗಳು. ಓಝೋನ್ ನಾಶವೂ ಮಾನವಜನ್ಯವೇ ಆದ್ದರಿಂದ ಸೂರ್ಯನನ್ನು ಹೊರಗಿಡುವ ವಾದ ಬೀಳುವುದಿಲ್ಲ. ಆದರೆ "ಸಮೋಷ್ಣ ಮಂಡಲದ ತಂಪು ಹಸಿರುಮನೆ ಅನಿಲಗಳಿಂದ" ಎಂದು ಒಂದೇ ಉಸಿರಿನಲ್ಲಿ ಬರೆಯದೆ "ಮೇಲ್ಭಾಗದಲ್ಲಿ" ಎಂದು ಸೇರಿಸುವುದು ಒಳ್ಳೆಯದು.

ಭೂಗೋಳ_ಪರೀಕ್ಷಾರ್ಥಿ

ಕೊನೆಯ ವಾಕ್ಯವನ್ನು ಹೀಗೆ ತಿದ್ದಿದ್ದೇನೆ: "1975ರ ನಂತರದ ಏರಿಕೆಯ ಕಾರಣವನ್ನು ಈ ಗ್ರಾಫ್ ಮಾತ್ರದಿಂದ ತೀರ್ಮಾನಿಸಲಾಗದು, ಆದರೆ ಅದೇ ಅವಧಿಯಲ್ಲಿ ಸೂರ್ಯನ ಶಕ್ತಿ ಹೆಚ್ಚಿಲ್ಲ, ಜ್ವಾಲಾಮುಖಿಗಳು ಕೆಲವು ವರ್ಷಗಳ ತಂಪನ್ನಷ್ಟೇ ತಂದಿವೆ, ಮತ್ತು ನೈಸರ್ಗಿಕ ಫೋರ್ಸಿಂಗ್‌ಗಳನ್ನು ಮಾತ್ರ ಕೊಟ್ಟು ನಡೆಸಿದ ಮಾದರಿಗಳಲ್ಲಿ ಈ ಏರಿಕೆ ಮೂಡುವುದಿಲ್ಲ, ಮಾನವಜನ್ಯವನ್ನು ಸೇರಿಸಿದಾಗ ಮೂಡುತ್ತದೆ." ಇದು ಸಾಕೇ? 1910ರಿಂದ 1940ರವರೆಗಿನ ಏರಿಕೆಯನ್ನು ಯಾವ ಗುಂಪಿಗೆ ಸೇರಿಸಬೇಕು?

ಹವಾಮಾನ_ಅಧ್ಯಾಪಕಿ

ವಾಕ್ಯ ಚೆನ್ನಾಗಿದೆ, ಹಾಗೆಯೇ ಇರಲಿ. 1910–1940ರ ಏರಿಕೆಯನ್ನು ಒಂದೇ ಗುಂಪಿಗೆ ಸೇರಿಸಬೇಡಿ. ಆ ಅವಧಿಯಲ್ಲಿ ದೊಡ್ಡ ಜ್ವಾಲಾಮುಖಿಗಳು ಕಡಿಮೆಯಿದ್ದವು, ಸೂರ್ಯನ ಚಟುವಟಿಕೆ ಸ್ವಲ್ಪ ಹೆಚ್ಚಿತು, ಹಸಿರುಮನೆ ಅನಿಲಗಳೂ ಏರುತ್ತಿದ್ದವು, ಸಾಗರದ ಆಂತರಿಕ ಏರಿಳಿತವೂ ಸೇರಿತ್ತು. ಯಾವುದಕ್ಕೆ ಎಷ್ಟು ಪಾಲು ಎಂಬುದರಲ್ಲಿ ಸಂಶೋಧಕರಲ್ಲೇ ಒಮ್ಮತವಿಲ್ಲ. ಎರಡನೆಯ ಮಹಾಯುದ್ಧದ ಕಾಲದ ಬಿಂದುಗಳಲ್ಲಿ ಇನ್ನೊಂದು ತೊಡಕಿದೆ: ಸಮುದ್ರದ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಅಳೆಯುವ ಹಡಗುಗಳು, ಎಂಜಿನ್ನಿಗೆ ಬರುವ ನೀರನ್ನು ಅಳೆಯುವ ಹಡಗುಗಳು, ಇವುಗಳ ಪ್ರಮಾಣ ಆಗ ಬದಲಾಯಿತು. ತಿದ್ದುಪಡಿ ಮಾಡಿದ ಮೇಲೂ ಆ ಶಿಖರದ ಎತ್ತರದಲ್ಲಿ ಅನಿಶ್ಚಿತತೆ ಉಳಿದಿದೆ.

ಕಾಲೇಜು_ಮಿತ್ರ

ಹಾಗಾದರೆ 15 ಅಂಕದ ಉತ್ತರದಲ್ಲಿ "ಒಮ್ಮತವಿಲ್ಲ" ಎಂದು ಬರೆದರೆ ಪರೀಕ್ಷಕರು ಒಪ್ಪುತ್ತಾರೆಯೇ? ನಮ್ಮ ಕಾಲೇಜಿನಲ್ಲಿ ಹಾಗೆ ಬರೆದವರಿಗೆ ಅಂಕ ಕಳೆದದ್ದನ್ನು ನೋಡಿದ್ದೇನೆ.

ಹವಾಮಾನ_ಅಧ್ಯಾಪಕಿ

"ಒಮ್ಮತವಿಲ್ಲ" ಎಂದಷ್ಟೇ ಬರೆದು ಬಿಟ್ಟರೆ ನಾನೂ ಅಂಕ ಕಳೆಯುತ್ತೇನೆ. ನಾಲ್ಕು ಕಾರಣಗಳನ್ನೂ ಹೆಸರಿಸಿ, 1975ರ ನಂತರದಂತೆ ಇಲ್ಲಿ ಒಂದೇ ಕಾರಣ ಎದ್ದು ಕಾಣುವುದಿಲ್ಲ ಎಂದು ಬರೆದವರಿಗೆ ಕೊಡುತ್ತೇನೆ. ಬೇರೆ ಪರೀಕ್ಷಕರು ಏನು ಮಾಡುತ್ತಾರೆ ಎಂಬುದಕ್ಕೆ ನಾನು ಖಾತರಿ ಕೊಡಲಾರೆ.